ಭಾನುವಾರ ಶಾಲೆಯ ಸ್ವಯಂಸೇವಕ ಶಿಕ್ಷಕರ ತರಬೇತಿ: ಗುಜರಾತಿನ ನಗರಗಳಲ್ಲಿ

ಕ್ರೈಸ್ತ ಸಭೆಗಳು ವಾರಕ್ಕೊಮ್ಮೆ ಮಕ್ಕಳಿಗಾಗಿ ನಡೆಸುವ ಸತ್ಯವೇದ ಪಾಠವನ್ನು ಭಾನುವಾರ ಶಾಲೆ ಎಂದೂ ಆಡುಮಾತಿನಲ್ಲಿ ಸಂಡೇ ಸ್ಕೂಲ್ ಎಂದೂ ಕರೆಯುತ್ತಾರೆ. ಇಲ್ಲಿ ಕಲಿಸುವವರು ಸಾಮಾನ್ಯವಾಗಿ ಸಂಬಳವಿಲ್ಲದೆ ದುಡಿಯುವ ಸಭೆಯ ಸದಸ್ಯರೇ ಆಗಿರುವುದರಿಂದ, ಮಕ್ಕಳ ಗುಂಪನ್ನು ನಡೆಸುವುದು, ಕಥೆ ಹೇಳುವುದು ಮತ್ತು ವಯಸ್ಸಿಗೆ ತಕ್ಕ ಪ್ರಶ್ನೆ ಕೇಳುವುದು ಎಂಬ ಮೂರು ಕೌಶಲಗಳನ್ನು ಅವರಿಗೆ ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ಚಿಕ್ಕ ಸಭೆಗಳಲ್ಲಿ ನಾಲ್ಕು ವರ್ಷದ ಮಗುವೂ ಹದಿಮೂರರ ಹುಡುಗನೂ ಒಂದೇ ಕೋಣೆಯಲ್ಲಿ ಕೂರುವುದುಂಟು. ಈ ತರಬೇತಿಯ ನಿಜವಾದ ಕಷ್ಟ ಅಲ್ಲಿದೆ.

ಸೂರತ್ತಿನಲ್ಲಿ ಲಂಡನ್ ಮಿಷನ್ನಿನ ಕೆಲಸ 1815ರಲ್ಲಿ ಆರಂಭವಾಯಿತು. ಐರ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಷನ್ 1841ರಿಂದ ಗುಜರಾತಿನಲ್ಲಿ ನೆಲೆಯೂರಿತು. ಭಾರತ ಸಂಡೇ ಸ್ಕೂಲ್ ಯೂನಿಯನ್ 1876ರಲ್ಲಿ ಅಲಹಾಬಾದಿನಲ್ಲಿ ಸ್ಥಾಪನೆಗೊಂಡಿತು. ಪಾಠಕ್ರಮದ ಇತಿಹಾಸದಲ್ಲಿ ಮಿಶ್ರ ವಯಸ್ಸಿನ ಪ್ರಶ್ನೆಗೆ ಹತ್ತಿರವಾದ ಎರಡು ವರ್ಷಗಳಿವೆ. 1872ರಲ್ಲಿ ಅಮೆರಿಕದಲ್ಲಿ ಒಪ್ಪಿತವಾದ ಏಕರೂಪ ಪಾಠ ಪದ್ಧತಿಯಲ್ಲಿ ಎಲ್ಲ ವಯಸ್ಸಿನವರೂ ಒಂದೇ ಭಾನುವಾರ ಒಂದೇ ವಾಕ್ಯಭಾಗವನ್ನು ಓದುತ್ತಿದ್ದರು; ಅದು ಮಕ್ಕಳ ಬೆಳವಣಿಗೆಗೆ ಹೊಂದುವುದಿಲ್ಲವೆಂಬ ಆಕ್ಷೇಪದ ಬೆನ್ನಿಗೆ 1908ರಲ್ಲಿ ವಯೋಮಾನಕ್ಕೆ ತಕ್ಕಂತೆ ವಿಂಗಡಿಸಿದ ಶ್ರೇಣೀಕೃತ ಪಾಠಗಳಿಗೆ ಒಪ್ಪಿಗೆ ದೊರೆಯಿತು. ಆದರೆ ಹದಿನೈದು ಮಕ್ಕಳೂ ಒಬ್ಬ ಶಿಕ್ಷಕಿಯೂ ಇರುವ ಸಭೆಗೆ ಶ್ರೇಣಿ ಮಾಡುವ ಅನುಕೂಲವೇ ಇಲ್ಲದಿರುವುದರಿಂದ, ಅದು ಮತ್ತೆ ಒಂದೇ ಪಾಠಕ್ಕೆ ಮರಳುತ್ತದೆ. ಆಗ ವಯಸ್ಸಿನ ಭೇದವನ್ನು ಪಾಠದಲ್ಲಿ ತರಲಾಗದು, ಪ್ರಶ್ನೆಯಲ್ಲಿ ಮಾತ್ರ ತರಬಹುದು.

ಕಥೆ ಹೇಳುವ ವಿಷಯದಲ್ಲಿ ಗುಜರಾತಿಗೆ ತನ್ನದೇ ಆದ ಶಿಕ್ಷಣ ಪರಂಪರೆಯಿದೆ. ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ (1885–1939) ಕಥೆ ಹೇಳುವ ಶಾಸ್ತ್ರದ ಕುರಿತೇ ಒಂದು ಪುಸ್ತಕ ಬರೆದರು. ಅವರ ‘ದಿವಾಸ್ವಪ್ನ’ದ ಶಿಕ್ಷಕ ಗದ್ದಲದ ತರಗತಿಯನ್ನು ಹಿಡಿತಕ್ಕೆ ತರುವುದು ಬೆತ್ತದಿಂದಲ್ಲ, ಕಥೆಯಿಂದ. ಗಿಜುಭಾಯಿ ಬರೆದದ್ದು ಧಾರ್ಮಿಕ ಪಾಠಕ್ಕಾಗಿ ಅಲ್ಲವಾದರೂ, ಕಥೆಯ ಮೊದಲ ಉದ್ದೇಶ ಆನಂದವೆಂಬ ಅವರ ನಿಲುವು ಭಾನುವಾರ ಶಾಲೆಯ ಶಿಕ್ಷಕರಿಗೆ ಅತ್ಯಗತ್ಯವಾದದ್ದು, ಏಕೆಂದರೆ ಕಥೆ ಮುಗಿಯುವ ಮೊದಲೇ ನೀತಿಯನ್ನು ಬಿಚ್ಚಿಡುವುದು ಹೊಸ ಸ್ವಯಂಸೇವಕರಲ್ಲಿ ಕಾಣುವ ಮೊದಲ ದೋಷ.

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದ ತಪ್ಪಿಹೋದ ಕುರಿಯ ಸಾಮ್ಯವನ್ನು ತರಬೇತಿಯ ಮಾದರಿ ಪಾಠವಾಗಿ ತೆಗೆದುಕೊಳ್ಳಬಹುದು. ಅಭ್ಯರ್ಥಿಯು ಕಥೆಯನ್ನು ಐದಾರು ದೃಶ್ಯಗಳಾಗಿ ಒಡೆದು, ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡು, ನಡುವಿನದನ್ನು ತನ್ನ ಮಾತಿನಲ್ಲಿ ಹೇಳುವುದನ್ನು ರೂಢಿಸಿಕೊಳ್ಳುತ್ತಾನೆ. ಏಳೆಂಟು ನಿಮಿಷಕ್ಕಿಂತ ಹೆಚ್ಚಾದರೆ ಮುಂದಿನ ಸಾಲಿನ ಚಿಕ್ಕವರು ಕದಲತೊಡಗುತ್ತಾರೆ. ಅಹಮದಾಬಾದಿನ ಹೊರವಲಯದಲ್ಲಿ ಕುರಿ ಮೇಕೆ ಹೊಡೆದುಕೊಂಡು ಹೋಗುವ ಭರವಾಡರನ್ನು ಕಂಡ ಮಕ್ಕಳಿಗೆ ಕುರುಬನನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಮನೆಯಲ್ಲಿ ಗುಜರಾತಿ, ಹಿಂದಿ ಅಥವಾ ಮಲಯಾಳಂ ಆಡುತ್ತ ಶಾಲೆಯಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳು ಒಟ್ಟಿಗಿದ್ದಾಗ ಪ್ರತಿ ವಾಕ್ಯವನ್ನೂ ಅನುವಾದಿಸುತ್ತ ಹೋದರೆ ಕಥೆಯ ಓಟ ಸತ್ತೇ ಹೋಗುತ್ತದೆ. ಅದಕ್ಕೆ ಬದಲಾಗಿ ಒಂದೇ ಭಾಷೆಯಲ್ಲಿ ಹೇಳಿ, ‘ಘೇಟುಂ ಮಳೀ ಗಯುಂ’ (ಕುರಿ ಸಿಕ್ಕಿತು) ಎಂಬಂಥ ಒಂದು ಪಲ್ಲವಿಯನ್ನು ಮಾತ್ರ ಎಲ್ಲರಿಂದಲೂ ಹೇಳಿಸುವುದು ಉತ್ತಮ.

ಪ್ರಶ್ನೆಗಳ ಶ್ರೇಣಿಗೆ ಆಧಾರ ಮಕ್ಕಳ ಚಿಂತನೆಯ ಬೆಳವಣಿಗೆ. ಇಂಗ್ಲೆಂಡಿನ ರೊನಾಲ್ಡ್ ಗೋಲ್ಡ್‌ಮನ್ 1964ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸತ್ಯವೇದದ ಕಥೆಗಳನ್ನು ಹೇಳಿ ಮಕ್ಕಳನ್ನು ಪ್ರಶ್ನಿಸಿ, ಅಮೂರ್ತವಾದ ಧಾರ್ಮಿಕ ಅರ್ಥವನ್ನು ಗ್ರಹಿಸುವ ಶಕ್ತಿ ಹದಿಹರೆಯದ ಹೊತ್ತಿಗಷ್ಟೇ ಬಲಿಯುತ್ತದೆ, ಅದಕ್ಕೂ ಮುಂಚೆ ಮಕ್ಕಳು ಅಕ್ಷರಾರ್ಥಕ್ಕೆ ಅಂಟಿಕೊಳ್ಳುತ್ತಾರೆ ಎಂದು ವಾದಿಸಿದರು. ಅವರ ಹಂತಗಳನ್ನು ಮುಂದೆ ಹಲವರು ಪ್ರಶ್ನಿಸಿದರೂ ಎಚ್ಚರಿಕೆ ಉಪಯುಕ್ತವಾಗಿಯೇ ಉಳಿದಿದೆ. ಆರು ವರ್ಷದ ಮಗುವಿಗೆ ಕಥೆಯನ್ನು ಮತ್ತೆ ಹೇಳು ಎಂದಾಗ ಅದು ದೇವರು ಕುರಿ ಸಾಕಿದ್ದಾನೆ ಎಂದರೆ, ಕೇಳಿದ್ದು ಹೋಲಿಕೆಯಾಗಿ ಮುಟ್ಟಿಲ್ಲವೆಂದು ಶಿಕ್ಷಕ ತಿಳಿಯಬೇಕು. ಅದನ್ನು ತಿದ್ದಲೇಬೇಕೆಂದಿಲ್ಲ, ಆ ವಯಸ್ಸಿನವರಿಗೆ ಕುರಿ ಎಲ್ಲಿ ಅಡಗಿರಬಹುದು, ಕುರುಬ ಹೇಗೆ ಕೂಗಿರಬಹುದು ಎಂಬ ಪ್ರಶ್ನೆ ಸಾಕು. ಏಳರಿಂದ ಹತ್ತರವರಿಗೆ ಕ್ರಮ ಮತ್ತು ಕಾರಣಗಳನ್ನು ಕೇಳಬಹುದು: ಉಳಿದ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟುಹೋದದ್ದು ಸರಿಯೇ? ಹನ್ನೊಂದು ದಾಟಿದವರಿಗೆ ಮತ್ತಾಯನ ಹದಿನೆಂಟನೆಯ ಅಧ್ಯಾಯದ ಇದೇ ಕಥೆಯನ್ನು ಓದಿಸಿ, ಲೂಕನಲ್ಲಿ ಇದನ್ನು ಗೊಣಗುತ್ತಿದ್ದ ಫರಿಸಾಯರಿಗೂ ಮತ್ತಾಯನಲ್ಲಿ ಶಿಷ್ಯರಿಗೂ ಹೇಳಿರುವುದರಿಂದ ಅರ್ಥ ಹೇಗೆ ಬದಲಾಗುತ್ತದೆ ಎಂದು ಕೇಳಬಹುದು.

ಪ್ರಶ್ನೆಗಳನ್ನು ಕಿರಿಯರಿಂದ ಆರಂಭಿಸುವುದು ನಿಯಮ, ಏಕೆಂದರೆ ದೊಡ್ಡವರು ಒಮ್ಮೆ ಉತ್ತರ ಕೊಟ್ಟ ಮೇಲೆ ಚಿಕ್ಕವರು ಬಾಯಿ ತೆರೆಯುವುದಿಲ್ಲ. ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗಿ ಮೌನಿಗಳೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ ವಿಜ್ಞಾನ ತರಗತಿಗಳಲ್ಲಿ 1970ರ ದಶಕದಲ್ಲಿ ತೋರಿಸಿದ್ದು ಇಲ್ಲಿಗೂ ಹೊಂದುತ್ತದೆ. ಯಾವ ಪ್ರಶ್ನೆಗೂ ‘ಯೇಸು’ ಎಂದರೆ ಸರಿಯಾದೀತು ಎಂದು ಮಕ್ಕಳು ಬೇಗನೆ ಪತ್ತೆಹಚ್ಚುತ್ತಾರೆ. ಆ ಉತ್ತರ ಪದೇ ಪದೇ ಬರುತ್ತಿದ್ದರೆ ದೋಷ ಪ್ರಶ್ನೆಯದು.

ಗುಂಪಿನ ನಿರ್ವಹಣೆಯಲ್ಲಿ ಗದ್ದಲ ಹೆಚ್ಚಾಗಿ ಕಥೆಯ ನಡುವೆ ಏಳುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬರುವಾಗ ಮತ್ತು ಕಥೆಯಿಂದ ಕಾಗದ ಬಣ್ಣಗಳ ಕೆಲಸಕ್ಕೆ ಹೊರಳುವಾಗ ಏಳುತ್ತದೆ. ಆದ್ದರಿಂದ ಬಂದ ಕೂಡಲೇ ಕೈಗೊಂದು ಕೆಲಸ, ಹೊರಳುವುದಕ್ಕೆ ಒಂದೇ ಗುರುತು, ಚಿಕ್ಕವರು ಮುಂದೆ ದರಿಯ ಮೇಲೆ, ದೊಡ್ಡವರು ಹಿಂದೆ ಎಂಬ ಏರ್ಪಾಡನ್ನು ಅಭ್ಯಾಸ ಮಾಡಿಸುತ್ತಾರೆ. ದೊಡ್ಡ ಮಕ್ಕಳನ್ನು ಸಹಾಯಕರನ್ನಾಗಿಸುವುದು ಸುಲಭ ಪರಿಹಾರವೇ ಆದರೂ, ಪ್ರತಿ ವಾರವೂ ಕತ್ತರಿ ಹಂಚುತ್ತಲೇ ಇರುವ ಹುಡುಗಿಗೆ ತನಗೆಂದು ಪಾಠವೇ ಇರುವುದಿಲ್ಲ. ಆ ಸರದಿ ಬದಲಾಗುತ್ತಿರಬೇಕು.

ಕಾನೂನಿನ ತಿಳಿವಳಿಕೆಯೂ ಗುಜರಾತಿನಲ್ಲಿ ಈ ತರಬೇತಿಯಲ್ಲಿ ಸೇರಬೇಕಾದದ್ದು. 2003ರ ಧರ್ಮ ಸ್ವಾತಂತ್ರ್ಯ ಕಾಯ್ದೆಯು ಬಲವಂತ, ಆಮಿಷ ಅಥವಾ ವಂಚನೆಯ ಮತಾಂತರವನ್ನು ನಿಷೇಧಿಸಿ, ಅಪ್ರಾಪ್ತರ ವಿಷಯದಲ್ಲಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ. ಸಭೆಯ ಹೊರಗಿನ ಮಗು ಗೆಳೆಯನ ಜೊತೆ ಬಂದಾಗ ತಂದೆತಾಯಿಯ ಲಿಖಿತ ಒಪ್ಪಿಗೆ ಪಡೆಯುವುದೂ ಬಹುಮಾನಗಳಲ್ಲಿ ಮಿತಿ ಇಡುವುದೂ ಇದರಿಂದಾಗಿ ವಿವೇಕದ ಮಾತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಅದನ್ನು ವರದಿ ಮಾಡಲೇಬೇಕು, ಸ್ವಯಂಸೇವಕರಿಗೆ ವಿನಾಯಿತಿಯಿಲ್ಲ. ಕೋಣೆಯಲ್ಲಿ ಯಾವಾಗಲೂ ಇಬ್ಬರು ವಯಸ್ಕರಿರಬೇಕೆಂಬ ರೂಢಿಯೂ ಇದರೊಂದಿಗೇ ಸೇರಿಕೊಳ್ಳುತ್ತದೆ.

ತರಬೇತಿ ಫಲಿಸಿದೆಯೇ ಎಂಬುದನ್ನು ಅಭ್ಯರ್ಥಿಗಳು ಒಬ್ಬರೆದುರು ಒಬ್ಬರು ಪಾಠ ಮಾಡುವುದರಿಂದ ತಿಳಿಯಲಾಗದು, ಏಕೆಂದರೆ ಮಕ್ಕಳಂತೆ ನಟಿಸುವ ವಯಸ್ಕರು ಮಕ್ಕಳಂತೆ ಬೇಸರಪಡುವುದಿಲ್ಲ. ನಿಜವಾದ ಗುಂಪಿನಲ್ಲಿ ಒಬ್ಬರು ಕಲಿಸುವಾಗ ಮತ್ತೊಬ್ಬರು ಹಿಂದೆ ಕುಳಿತು, ಹಾಳೆಯಲ್ಲಿ ಮೂರು ವಯೋಮಾನಗಳಿಗೆ ಮೂರು ಅಂಕಣ ಗೀಚಿಕೊಂಡು, ಯಾರು ಮಾತಾಡಿದರೋ ಆ ಅಂಕಣದಲ್ಲಿ ಒಂದು ಗೆರೆ ಹಾಕುವುದು ಸರಳವಾದ ವಿಧಾನ. ನಡುವಿನ ಅಂಕಣ ತುಂಬಿ ಎರಡು ಬದಿಗಳೂ ಖಾಲಿ ಉಳಿದರೆ, ಪಾಠವನ್ನು ಎಂಟೊಂಬತ್ತು ವರ್ಷದವರಿಗಾಗಿ ಮಾತ್ರ ಸಿದ್ಧಪಡಿಸಲಾಗಿದೆ ಎಂದರ್ಥ. ಓದು ಮುಗಿಸಿ ಅಥವಾ ಕೆಲಸಕ್ಕೆಂದು ಊರು ಬಿಡುವ ಯುವಕರೇ ಸ್ವಯಂಸೇವಕರಾಗಿರುವ ಸಭೆಗಳಲ್ಲಿ ಒಂದು ದಿನದ ಶಿಬಿರದ ಪರಿಣಾಮ ಬೇಗ ಕರಗುತ್ತದೆ; ಹಾಗಾಗಿ ಹಳಬರೊಬ್ಬರ ಜೊತೆ ಹೊಸಬರೊಬ್ಬರನ್ನು ಜೋಡಿಸಿ, ಈ ಹಾಳೆಯನ್ನು ಇಬ್ಬರೂ ಸರದಿಯಂತೆ ತುಂಬುವ ಕ್ರಮ ಶಿಬಿರಕ್ಕಿಂತ ಹೆಚ್ಚು ಬಾಳುತ್ತದೆ.