ಪರಂತು ಯಾವುದಕ್ಕೆ ಅಂಟಿದೆ?

ಸರಳಗನ್ನಡದ ಹೆಸರಿನಲ್ಲಿ ಈಚೆಗೆ ಒಂದು ಸಲಹೆ ಓಡಾಡುತ್ತಿದೆ. ಕಾನೂನಿನ ಬರಹದಲ್ಲಿ ‘ಪರಂತು’ ತೆಗೆದು ‘ಆದರೆ’ ಹಾಕಿದರೆ ಎಲ್ಲವೂ ತಿಳಿಯಾಗುತ್ತದಂತೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪತ್ರಗಳನ್ನು ಓದುತ್ತಲೇ ತಲೆ ನರೆತ ನನಗೆ ಹಾಗನ್ನಿಸಿಲ್ಲ. ತಕರಾರು ಹುಟ್ಟುವುದು ಪದದಿಂದಲ್ಲ, ಅದು ಕೂತ ಜಾಗದಿಂದ.

ಹಳೆಯ ತಾಮ್ರಶಾಸನ ಬರೆದವರಿಗೆ ಇದು ಗೊತ್ತಿತ್ತು. ಊರನ್ನು ದಾನ ಕೊಡುವಾಗ, ಮೊದಲೇ ದೇವರಿಗೂ ಬ್ರಾಹ್ಮಣರಿಗೂ ಕೊಟ್ಟ ಭೂಮಿಯನ್ನು ‘ರಹಿತ’ ಎಂಬ ವಿಶೇಷಣದಿಂದ ಅಲ್ಲೇ ಕಳೆದುಬಿಡುತ್ತಿದ್ದರು. ಕಳೆಯುವುದು ಯಾವುದರಿಂದ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ವಾಕ್ಯ ಮುಗಿಸಿ ಬಾಲ ಜೋಡಿಸುವ ಪದ್ಧತಿ ಬಂದದ್ದು ಇಂಗ್ಲಿಷ್ ಕಾಯ್ದೆಗಳಿಂದ. ಅದನ್ನು ಇಂಗ್ಲೆಂಡಿನ ಜಾರ್ಜ್ ಕೂಡ್ 1840ರ ದಶಕದಲ್ಲೇ ಚೆನ್ನಾಗಿ ಜಾಡಿಸಿದ್ದ. ನಮ್ಮವರು ಓದಲಿಲ್ಲ.

1963ರ ರಾಜಭಾಷಾ ಕಾಯ್ದೆಯ ನಂತರದ ಕನ್ನಡ ಅಧಿನಿಯಮಗಳಲ್ಲಿ ‘ಪರಂತು’ ನೆಲೆಯೂರಿತು. ಜೊತೆಗೆ ಒಂದು ಶಿಸ್ತೂ ಬಂತು. ಮುಖ್ಯ ನಿಯಮ ಕೋಲನ್‌ನಲ್ಲಿ ನಿಲ್ಲುತ್ತದೆ, ಪರಂತುಕ ಹೊಸ ಸಾಲಿನಲ್ಲಿ ಒಳಸರಿದು ಶುರುವಾಗುತ್ತದೆ. ಇನ್ನೊಂದು ಪರಂತುಕವಿದ್ದರೆ ಮತ್ತೆ ಕೋಲನ್, ಇಲ್ಲದಿದ್ದರೆ ಪೂರ್ಣವಿರಾಮ. ಈ ಚುಕ್ಕೆಗಳನ್ನು ಅಲಂಕಾರ ಎಂದುಕೊಂಡ ಗುಮಾಸ್ತರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಅಲಂಕಾರವಲ್ಲ ಎಂಬುದಕ್ಕೆ 2005ರ ಮಾಹಿತಿ ಹಕ್ಕು ಅಧಿನಿಯಮದ 8(1) ಸಾಕು. ಯಾವ ಮಾಹಿತಿ ಕೊಡಬೇಕಿಲ್ಲ ಎಂಬುದಕ್ಕೆ ಅಲ್ಲಿ (ಎ)ಯಿಂದ (ಜೆ)ವರೆಗೆ ಖಂಡಗಳಿವೆ. ಮಂತ್ರಿಮಂಡಲದ ಕಾಗದಪತ್ರಗಳ (ಐ) ಖಂಡಕ್ಕೆ ಎರಡು ಪರಂತುಕಗಳಿದ್ದವು. ಎರಡನೆಯದು ಅರ್ಧವಿರಾಮದಲ್ಲಿ ಮುಗಿದು ಪಟ್ಟಿ (ಜೆ)ಗೆ ಸಾಗುತ್ತಿತ್ತು. ಹೀಗಾಗಿ ಅವು (ಐ)ಯವೇ ಎಂಬುದರಲ್ಲಿ ಸಂಶಯವಿರಲಿಲ್ಲ. ಖಾಸಗಿ ಮಾಹಿತಿಯ (ಜೆ) ಕೊನೆಯ ಖಂಡ. ಅದರ ಬಳಿಕ, ಸಂಸತ್ತಿಗೋ ಶಾಸನಸಭೆಗೋ ನಿರಾಕರಿಸಲಾಗದ್ದನ್ನು ಯಾರಿಗೂ ನಿರಾಕರಿಸುವಂತಿಲ್ಲ ಎಂಬ ಪರಂತುಕ, ಆಮೇಲೆ ಪೂರ್ಣವಿರಾಮ ಇದ್ದವು. ಅದು (ಜೆ)ಗೆ ಮಾತ್ರ ಸೇರಿದರೂ ಪೂರ್ಣವಿರಾಮವೇ, ಇಡೀ ಉಪಪ್ರಕರಣಕ್ಕೆ ಸೇರಿದರೂ ಪೂರ್ಣವಿರಾಮವೇ. ಚಿಹ್ನೆ ಇಲ್ಲಿ ಕೈಕೊಟ್ಟಿತು. ಉಳಿದ ಸುಳಿವು ಸಾಲಿನ ಅಂಚು ಎಷ್ಟು ಒಳಸರಿದಿದೆ ಎಂಬುದೊಂದೇ. ಮರುಮುದ್ರಣದಲ್ಲಿ ಮೊದಲು ಕೆಡುವುದೂ ಅದೇ.

2007ರಲ್ಲಿ ಬಾಂಬೆ ಹೈಕೋರ್ಟು ಸುರೂಪ್‌ಸಿಂಗ್ ನಾಯಕ್ ಪ್ರಕರಣದಲ್ಲಿ ಅದು (ಜೆ)ಗೆ ಮಾತ್ರ ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3) ಹಳೆಯ (ಜೆ)ಯ ಜಾಗಕ್ಕೆ ಪುಟ್ಟದೊಂದು ಹೊಸ ಖಂಡ ತಂದಿಟ್ಟಾಗ ಈ ಅಂಟಿನ ಬೆಲೆ ಗೊತ್ತಾಯಿತು. ಪರಂತುಕ (ಜೆ)ಯದಾದರೆ ಅದರ ಜೊತೆಗೇ ಹೋಯಿತು. ಇಡೀ ಉಪಪ್ರಕರಣದ್ದಾದರೆ, ಖಂಡ ಬದಲಾದರೂ ಅದು ಉಳಿಯಬೇಕು.

ಅಧಿನಿಯಮಗಳ ವಿಚಾರದಲ್ಲಿ ತೀರ್ಪುಗಳಾದರೂ ಇವೆ. 1985ರ ಸುಂದರಂ ಪಿಳ್ಳೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರಂತುಕ ಬರೀ ವಿನಾಯಿತಿಯಲ್ಲ, ಕೆಲವೊಮ್ಮೆ ಮೂಲ ನಿಯಮವನ್ನೇ ಬದಲಿಸಬಲ್ಲದು ಎಂದು ವಿಂಗಡಿಸಿಕೊಟ್ಟಿದೆ. ಪತ್ರಬರಹಗಾರರ ಗದ್ಯವನ್ನು ಕೇಳುವವರಿಲ್ಲ. ನಮ್ಮ ಕಡೆ ಕಾಣುವ ವಿಭಾಗಪತ್ರದ ಮಾದರಿಯೊಂದು ಹೀಗಿದೆ: ‘ಎ ಷೆಡ್ಯೂಲಿನ ತೆಂಗಿನ ತೋಟ ಒಂದನೇ ಪಾರ್ಟಿಗೆ, ಬಿ ಷೆಡ್ಯೂಲಿನ ಅಡಿಕೆ ತೋಟ ಎರಡನೇ ಪಾರ್ಟಿಗೆ ಸೇರತಕ್ಕದ್ದು ಪರಂತು ತಾಯಿಯವರು ಬದುಕಿರುವವರೆಗೆ ಫಸಲಿನಲ್ಲಿ ಅರ್ಧ ಅವರಿಗೆ ಕೊಡತಕ್ಕದ್ದು.’ ಯಾವ ಫಸಲು? ತೆಂಗಿನವನು ಅಡಿಕೆಯವನತ್ತ ಬೊಟ್ಟು ಮಾಡುತ್ತಾನೆ, ಅಡಿಕೆಯವನು ‘ಇಬ್ಬರೂ ಕೊಡೋಣ’ ಎನ್ನುತ್ತಾನೆ. ಪರಂತು ತೆಗೆದು ಆದರೆ ಹಾಕಿ ನೋಡಿ, ಜಗಳ ಹಾಗೇ ಇರುತ್ತದೆ. ಬಿಡಿಸುವ ದಾರಿ ಬೇರೆ. ಎ ಒಂದು ಕಂಡಿಕೆ, ಬಿ ಇನ್ನೊಂದು; ತಾಯಿಯ ಮಾತಿಗೆ ಮೂರನೆಯ ನಂಬರು: ‘3. ಎ ಮತ್ತು ಬಿ ಎರಡೂ ಷೆಡ್ಯೂಲುಗಳ ಫಸಲಿನಲ್ಲಿ, ಪ್ರತಿಯೊಂದರಿಂದ ಅರ್ಧ…’ ಆಗ ಪರಂತು ಬೇಕಾಗುವುದೇ ಇಲ್ಲ.

ವಿನಾಯಿತಿಯನ್ನು ವಾಕ್ಯದ ಮುಂದೆ ತಂದಿಟ್ಟರೂ ಅಪಾಯ ತಪ್ಪಿದ್ದಲ್ಲ. ‘ಕೊಳವೆಬಾವಿ ಹೊರತುಪಡಿಸಿ ತೋಟ ಮತ್ತು ಹೊಲ’ ಎಂದರೆ, ಹೊಲದಲ್ಲೂ ಕೊಳವೆಬಾವಿ ಇದ್ದಾಗ, ಬಿಟ್ಟದ್ದು ಒಂದನ್ನೋ ಎರಡನ್ನೋ? ‘ಹೊಲ, ಮತ್ತು ಕೊಳವೆಬಾವಿ ಬಿಟ್ಟು ಉಳಿದ ತೋಟ’ ಎಂದು ಪಟ್ಟಿಯ ಕ್ರಮ ತಿರುಗಿಸಿದರೆ ‘ಬಿಟ್ಟು’ ತೋಟವನ್ನಷ್ಟೇ ಹಿಡಿಯುತ್ತದೆ.

ಈಗ ಪತ್ರಗಳು ಕಂಪ್ಯೂಟರಿನಲ್ಲಿ ಹಳೆಯ ಕಡತದಿಂದ ನಕಲಾಗಿ ಬರುತ್ತವೆ. ಸಾಲು ಒಡೆಯುವುದಿಲ್ಲ, ಕಂಡಿಕೆಗಳಿಗೆ ನಂಬರಿರುವುದಿಲ್ಲ. ನೋಂದಣಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ, ಗುರುತು, ಚೆಕ್ಕುಬಂದಿ ನೋಡುತ್ತಾರೆ. ಷರತ್ತು ಎ ಷೆಡ್ಯೂಲಿಗೋ ಬಿ ಷೆಡ್ಯೂಲಿಗೋ ಎಂದು ಕೇಳುವುದು ಅವರ ಕೆಲಸವಲ್ಲ. ಆ ಪ್ರಶ್ನೆ ಮೊದಲು ಬರುವುದು ಸಿವಿಲ್ ಕೋರ್ಟಿನ ಪಾಟೀಸವಾಲಿನಲ್ಲಿ, ಪತ್ರ ಬರೆಸಿದ ಹಿರಿಯರು ತೀರಿಹೋದ ಮೇಲೆ.