ಒಂದೇ ಇಮೇಜ್, ಬೇರೆ ಬೇರೆ ಗುರುತು: ಚಾಲನೆಯಲ್ಲಿರುವ ಸರ್ವರಿನ ತದ್ರೂಪಿಗಳ ಬಗ್ಗೆ

ಅಮೆಜಾನ್‌ನ ಇಸಿ2 ಸೇವೆಯಲ್ಲಿ ಓಡುತ್ತಿರುವ ಒಂದು ಸರ್ವರಿನಿಂದ ಇಮೇಜ್ ತೆಗೆದು, ಅದರಿಂದ ಮೂರೋ ಮೂವತ್ತೋ ಹೊಸ ಸರ್ವರ್‌ಗಳನ್ನು ಎಬ್ಬಿಸುವುದು ಎರಡು ಆದೇಶಗಳಲ್ಲಿ ಮುಗಿಯುವ ಕೆಲಸ. ಹೊಸ ಸರ್ವರ್‌ಗಳು ಮೂಲದ ಹಾಗೆಯೇ ಇರಬೇಕೆಂದು ಎಲ್ಲರೂ ಬಯಸುತ್ತಾರೆ. ಯಾವ ವಿಷಯದಲ್ಲಿ ಹಾಗೆಯೇ ಇರಬೇಕು ಎಂದು ಕೇಳುವವರು ಕಡಿಮೆ. ತಂತ್ರಾಂಶದ ಆವೃತ್ತಿ, ಲೈಬ್ರರಿಗಳು, ಸೆಟ್ಟಿಂಗ್‌ಗಳು ಒಂದೇ ಆಗಿರಬೇಕು. ಯಂತ್ರದ ಗುರುತು, ಅದರ ಗುಪ್ತ ಕೀಲಿಗಳು, ಅದಕ್ಕೆ ವಹಿಸಿದ ಕರ್ತವ್ಯ ಬೇರೆಯಾಗಿರಬೇಕು. ಇಮೇಜ್‌ಗೆ ಈ ಭೇದ ಗೊತ್ತಿಲ್ಲ. ಡಿಸ್ಕ್‌ನಲ್ಲಿ ಕಂಡದ್ದನ್ನೆಲ್ಲ ಅದು ಒಯ್ಯುತ್ತದೆ. ಆದ್ದರಿಂದ ಇಮೇಜ್‌ನ ಗುಣ ಅದರೊಳಗೆ ಏನನ್ನು ತುಂಬಿದ್ದೇವೆ ಎಂಬುದಕ್ಕಿಂತ, ತೆಗೆಯುವ ಮೊದಲು ಏನನ್ನು ಅಳಿಸಿದ್ದೇವೆ ಮತ್ತು ಯಾವುದನ್ನು ಹೊಸ ಯಂತ್ರದ ಮೊದಲ ಬೂಟ್‌ಗೆ ಬಿಟ್ಟಿದ್ದೇವೆ ಎಂಬುದನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಮೊದಲು ಇಮೇಜ್ ಎಂದರೇನು ಎಂದು ನೋಡಬೇಕು. ಅದು ಡಿಸ್ಕ್‌ಗಳ ಸ್ನ್ಯಾಪ್‌ಶಾಟ್‌ಗಳನ್ನೂ, ಯಾವ ಸ್ನ್ಯಾಪ್‌ಶಾಟ್ ಯಾವ ಡಿಸ್ಕ್ ಆಗಬೇಕು ಎಂಬ ವಿವರವನ್ನೂ ಹಿಡಿದಿಟ್ಟ ಒಂದು ದಾಖಲೆ. ಮೆಮೊರಿ ಅದರಲ್ಲಿ ಸೇರುವುದಿಲ್ಲ. ಯಾರೋ ಕೈಯಿಂದ ಶುರುಮಾಡಿ ಬಿಟ್ಟ ಪ್ರೋಗ್ರಾಂ ಮೂಲ ಸರ್ವರಿನಲ್ಲಿ ತಿಂಗಳುಗಟ್ಟಲೆ ಓಡುತ್ತಿದ್ದರೂ, ಬೂಟ್ ಆಗುವಾಗ ತಾನಾಗಿ ಏಳುವಂತೆ ಮಾಡದಿದ್ದರೆ ತದ್ರೂಪಿಯಲ್ಲಿ ಅದು ಏಳುವುದಿಲ್ಲ. ಡಿಸ್ಕ್‌ನ ಮಾತೂ ಪೂರ್ತಿ ಸರಳವಲ್ಲ. ವಿಶೇಷ ಸೂಚನೆ ಕೊಡದಿದ್ದರೆ ಇಸಿ2 ಮೂಲ ಸರ್ವರನ್ನು ರೀಬೂಟ್ ಮಾಡುತ್ತದೆ, ಹೀಗಾಗಿ ಕಡತವ್ಯವಸ್ಥೆ ಶಾಂತವಾಗಿರುವಾಗ ಸ್ನ್ಯಾಪ್‌ಶಾಟ್ ಸಿಗುತ್ತದೆ. ಸೇವೆ ನಿಲ್ಲಬಾರದೆಂದು `--no-reboot` ಕೊಟ್ಟರೆ ಸಿಗುವುದು ವಿದ್ಯುತ್ ಹಠಾತ್ತನೆ ಹೋದಾಗ ಡಿಸ್ಕ್ ಹೇಗಿರುತ್ತದೋ ಅಂಥ ಸ್ಥಿತಿ. ಲಿನಕ್ಸ್ ಬರೆದದ್ದನ್ನು ತಕ್ಷಣ ಡಿಸ್ಕ್‌ಗೆ ಇಳಿಸುವುದಿಲ್ಲ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ಸುಮಾರು 30 ಸೆಕೆಂಡ್ ಮೆಮೊರಿಯಲ್ಲೇ ಉಳಿಯಬಹುದು. ತಿದ್ದಿ ಉಳಿಸಿದ ಕೂಡಲೇ ಇಮೇಜ್ ತೆಗೆದ ಸೆಟ್ಟಿಂಗ್ ಕಡತ ತದ್ರೂಪಿಯಲ್ಲಿ ಹಳೆಯದಾಗಿಯೋ ಖಾಲಿಯಾಗಿಯೋ ಕಂಡರೆ ಕಾರಣವನ್ನು ಇಲ್ಲಿಯೇ ಹುಡುಕಬೇಕು.

ಗುರುತಿನ ಪ್ರಶ್ನೆ ಇದಕ್ಕಿಂತ ಗಂಭೀರ, ಏಕೆಂದರೆ ಅದರ ದೋಷ ತಕ್ಷಣ ಕಾಣುವುದಿಲ್ಲ. ಉಬುಂಟು ಸರ್ವರಿನ `/etc/machine-id` ಕಡತದಲ್ಲಿ 32 ಅಕ್ಷರಗಳ ಒಂದು ಗುರುತು ಇರುತ್ತದೆ. ಇಸಿ2ನಲ್ಲಿ ಐಪಿ ವಿಳಾಸವನ್ನು ನೆಟ್‌ವರ್ಕ್ ಕಾರ್ಡ್‌ಗೆ ಕಟ್ಟಿರುವುದರಿಂದ ಈ ಗುರುತು ಮೂರು ತದ್ರೂಪಿಗಳಲ್ಲಿ ಒಂದೇ ಆಗಿದ್ದರೂ ಯಾವ ಗಲಾಟೆಯೂ ಆಗದು. ಆದರೆ ಲಾಗ್ ಸಂಗ್ರಹಿಸುವ ತಂತ್ರಾಂಶ ಈ ಗುರುತನ್ನೇ ನೆಚ್ಚಿಕೊಂಡಿದ್ದರೆ ಮೂರು ಸರ್ವರ್‌ಗಳು ಒಂದಾಗಿ ಕಾಣುತ್ತವೆ, ತಪ್ಪಿದ್ದು ಯಾವುದು ಎಂದು ಹೇಳಲಾಗುವುದಿಲ್ಲ. ಸಂಸ್ಥೆಗಳು ತಮ್ಮಲ್ಲೇ ನಡೆಸುವ ವರ್ಚುವಲ್ ಯಂತ್ರಗಳಲ್ಲಿ ಇದೇ ದೋಷ ಬೇರೆ ರೂಪದಲ್ಲಿ ಕಂಡಿದೆ: ಉಬುಂಟು 18.04ರ ತದ್ರೂಪಿಗಳು ಈ ಗುರುತಿನಿಂದ ಹುಟ್ಟಿದ ಹೆಸರಿನಲ್ಲಿ ಡಿಎಚ್‌ಸಿಪಿ ಸರ್ವರಿನ ಬಳಿ ಹೋಗಿ ಒಂದೇ ವಿಳಾಸವನ್ನು ಪಡೆದಿವೆ.

ಹಿಂದಿನ ಯಂತ್ರದ ಕೀಲಿಗಳು ಉಳಿದುಬಿಡುವ ಅಪಾಯಕ್ಕೆ ಗಟ್ಟಿ ಪುರಾವೆ ಇದೆ. ಬಾಲ್ಡುಜ್ಜಿ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಇಮೇಜ್‌ಗಳನ್ನು ಪರೀಕ್ಷಿಸಿದರು. ಸುಮಾರು ಐದನೆಯ ಒಂದು ಭಾಗದಲ್ಲಿ ಹೊರಗಿನವರು ಲಾಗಿನ್ ಆಗಲು ದಾರಿಮಾಡುವ ಕೀಲಿಯೋ ಪಾಸ್‌ವರ್ಡೋ ಉಳಿದಿತ್ತು. ಅಳಿಸಿದ್ದೇವೆಂದು ತಯಾರಕರು ನಂಬಿದ್ದ ಕಡತಗಳನ್ನೂ ಅವರು ಅದಕ್ಕೆಂದು ಆಯ್ದ ಇಮೇಜ್‌ಗಳ ಬಹುಪಾಲಿನಿಂದ ಮರಳಿ ಪಡೆದರು. ಸ್ನ್ಯಾಪ್‌ಶಾಟ್ ಕಡತಗಳನ್ನು ನೋಡುವುದಿಲ್ಲ, ಡಿಸ್ಕ್‌ನ ಬ್ಲಾಕ್‌ಗಳನ್ನು ನಕಲಿಸುತ್ತದೆ; `rm` ಹೆಸರನ್ನು ಕಿತ್ತುಹಾಕುತ್ತದೆಯೇ ಹೊರತು ಬ್ಲಾಕ್‌ನಲ್ಲಿರುವುದನ್ನು ಒರೆಸುವುದಿಲ್ಲ. ಹಾಗಾಗಿ ಒಮ್ಮೆ ಡಿಸ್ಕ್ ಮೇಲೆ ಬಿದ್ದ ಪಾಸ್‌ವರ್ಡನ್ನು ಬದಲಿಸುವುದೊಂದೇ ನಂಬಬಹುದಾದ ಉಪಾಯ.

ಕರ್ತವ್ಯದ ವಿಷಯಕ್ಕೆ ಒಂದು ಪ್ರಕರಣವನ್ನು ಬಿಡಿಸಿ ನೋಡೋಣ. ಮುಂಬೈ ರೀಜನ್‌ನಲ್ಲಿ ಒಂದು ವೆಬ್ ಸರ್ವರ್ ಇದೆ ಎನ್ನೋಣ. ಗ್ರಾಹಕರಿಗೆ ಬೆಳಿಗ್ಗೆ ಆರಕ್ಕೆ ಬಿಲ್ ಕಳಿಸುವ ಕ್ರಾನ್ ಕೆಲಸವೂ ಅದರಲ್ಲೇ ಇದೆ; ಸರ್ವರಿನ ಗಡಿಯಾರ ಯುಟಿಸಿಯಲ್ಲಿರುವುದರಿಂದ ಸಾಲು `30 0 * * *` ಎಂದು ಶುರುವಾಗುತ್ತದೆ. ಹಬ್ಬದ ದಟ್ಟಣೆಗೆಂದು ಇಮೇಜ್ ತೆಗೆದು ಮತ್ತೆರಡು ಸರ್ವರ್ ಎಬ್ಬಿಸಿದರೆ ಮರುದಿನ ಪ್ರತಿ ಗ್ರಾಹಕನಿಗೂ ಒಂದೇ ಬಿಲ್ ಸಂಖ್ಯೆಯ ಮೂರು ಪತ್ರಗಳು ಹೋಗುತ್ತವೆ. ಪತ್ರಗಳ ತಲೆಬರಹ ತೆರೆದು ನೋಡಿದರೆ ಕಳಿಸಿದ ಸರ್ವರಿನ ಐಪಿ ವಿಳಾಸ ಮೂರರಲ್ಲೂ ಬೇರೆ. ಯಾವ ಸರ್ವರೂ ತಪ್ಪು ಮಾಡಿಲ್ಲ, ಲಾಗ್‌ನಲ್ಲಿ ಒಂದು ದೋಷವೂ ಇಲ್ಲ. ನಕಲಾಗಬಾರದಿದ್ದ ಕರ್ತವ್ಯ ನಕಲಾಗಿದೆ, ಅಷ್ಟೆ. ಶುಚಿಗೊಳಿಸುವ ಯಾವ ಸಾಧನವೂ ಇದನ್ನು ಹಿಡಿಯಲಾರದು, ಏಕೆಂದರೆ ಆ ಸಾಲು ಕರ್ತವ್ಯವೋ ತಂತ್ರಾಂಶವೋ ಎಂಬುದು ಅದನ್ನು ಬರೆದವರಿಗೆ ಮಾತ್ರ ಗೊತ್ತು. ಅಂಥ ಕೆಲಸವನ್ನು ಇಮೇಜ್‌ನಿಂದ ಹೊರಗಿಡಬೇಕು, ಇಲ್ಲವೇ ಡೇಟಾಬೇಸ್‌ನಲ್ಲಿ ಬೀಗ ಹಿಡಿದವರು ಮಾತ್ರ ಮಾಡುವಂತೆ ಬರೆಯಬೇಕು.

ಇದನ್ನೆಲ್ಲ ಕ್ಲೌಡ್-ಇನಿಟ್ ನೋಡಿಕೊಳ್ಳುತ್ತದಲ್ಲ ಎಂಬ ಆಕ್ಷೇಪ ಬರಬಹುದು. ಅರ್ಧ ನಿಜ. ಇನ್‌ಸ್ಟೆನ್ಸ್ ಹೊಸದೆಂದು ತಿಳಿದ ಕೂಡಲೇ ಅದು ಸರ್ವರಿನ ಹಳೆಯ ಎಸ್‌ಎಸ್‌ಎಚ್ ಕೀಲಿಗಳನ್ನು ಅಳಿಸಿ ಹೊಸದನ್ನು ಮಾಡುತ್ತದೆ. ಆದರೆ ತುಂಬಿದ `machine-id` ಇದ್ದರೆ ಅದನ್ನು ಮುಟ್ಟುವುದಿಲ್ಲ. `authorized_keys` ಕಡತಕ್ಕೆ ಹೊಸ ಕೀಲಿ ಸೇರಿಸುತ್ತದೆ, ಹಳೆಯದನ್ನು ಹಾಗೆಯೇ ಬಿಡುತ್ತದೆ. ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ನಕಲಾದ ಗುರುತೆಲ್ಲ ಅಪಾಯಕಾರಿಯಲ್ಲ. ವಿಂಡೋಸ್ ಯಂತ್ರಗಳ ಎಸ್‌ಐಡಿ ನಕಲಾದರೆ ಅನಾಹುತ ಎಂಬ ಬಹುಕಾಲದ ನಂಬಿಕೆಯನ್ನು ಮಾರ್ಕ್ ರುಸಿನೋವಿಚ್ 2009ರಲ್ಲಿ ಅಲ್ಲಗಳೆದು, ಅದನ್ನು ಬದಲಿಸಲು ತಾವೇ ಕೊಟ್ಟಿದ್ದ ನ್ಯೂಸಿಡ್ ಸಾಧನವನ್ನು ಹಿಂತೆಗೆದುಕೊಂಡರು. ಆ ಗುರುತನ್ನು ಯಂತ್ರದ ಹೊರಗೆ ಯಾರೂ ಕೇಳುವುದಿಲ್ಲ ಎಂಬುದು ಆಗ ಅವರ ತರ್ಕವಾಗಿತ್ತು. ಈ ತರ್ಕ ನಮ್ಮ ವಾದವನ್ನು ಮುರಿಯುವುದಿಲ್ಲ, ಹರಿತಗೊಳಿಸುತ್ತದೆ: ಯಂತ್ರದ ಹೊರಗೆ ಯಾರಾದರೂ ಓದುವ ಗುರುತು ಮಾತ್ರ ಬದಲಾಗಲೇಬೇಕು. ಓಡುವ ಸರ್ವರನ್ನು ಬಿಟ್ಟು ಪ್ಯಾಕರ್‌ನಂಥ ಸಾಧನದಿಂದ ಬರಿ ನೆಲದಿಂದ ಇಮೇಜ್ ಕಟ್ಟಬೇಕೆನ್ನುವವರ ಮಾತೂ ಸರಿಯೇ, ಸಾರ್ವಜನಿಕವಾಗಿ ಹಂಚುವ ಇಮೇಜ್‌ಗೆ ಅದೇ ತಕ್ಕ ದಾರಿ. ಆದರೂ ಪ್ಯಾಕರ್ ಕೂಡ ತಾತ್ಕಾಲಿಕ ಇನ್‌ಸ್ಟೆನ್ಸ್ ಒಂದನ್ನು ಎಬ್ಬಿಸಿ ಅದರಿಂದಲೇ ಇಮೇಜ್ ತೆಗೆಯುತ್ತದೆ. ಅಳಿಸಬೇಕಾದದ್ದು ಅಲ್ಲಿ ಕಡಿಮೆ, ಇಲ್ಲವೆಂದಲ್ಲ.

ಒಳಬಳಕೆಯ ಇಮೇಜ್‌ಗೆ ಎರಡು ಹಂತದ ಕ್ರಮ ಸೂಕ್ತ. ಸೇವೆ ಕೊಡುತ್ತಿರುವ ಮೂಲ ಸರ್ವರನ್ನೇ ಶುಚಿಗೊಳಿಸಬಾರದು, ಮುಂದಿನ ರೀಬೂಟ್‌ನಲ್ಲಿ ಅದೇ ತನ್ನ ಗುರುತನ್ನು ಕಳೆದುಕೊಳ್ಳುತ್ತದೆ. ಅದರಿಂದ ಒಂದು ಕಚ್ಚಾ ಇಮೇಜ್ ತೆಗೆದು, ಕಚ್ಚಾ ಇಮೇಜ್‌ನಿಂದ ಒಂದೇ ಒಂದು ಇನ್‌ಸ್ಟೆನ್ಸ್ ಎಬ್ಬಿಸಿ, ಅದರೊಳಗೆ ಹೀಗೆ ಮಾಡಬೇಕು:

```
sudo cloud-init clean --logs
sudo truncate -s 0 /etc/machine-id
sudo rm -f /etc/ssh/ssh_host_*
rm -f ~/.ssh/authorized_keys ~/.bash_history
unset HISTFILE
sync
```

`machine-id` ಕಡತವನ್ನು ಅಳಿಸದೆ ಖಾಲಿ ಮಾಡುವುದು ಉದ್ದೇಶಪೂರ್ವಕ: ಖಾಲಿ ಕಡತ ಕಂಡರೆ ಸಿಸ್ಟಮ್‌ಡಿ ಬೂಟ್ ಆಗುವಾಗ ಹೊಸ ಗುರುತನ್ನು ಬರೆಯುತ್ತದೆ. ಇದಾದ ಮೇಲೆ ನಾವಾಗಿ ರೀಬೂಟ್ ಮಾಡದೆ, ಇನ್‌ಸ್ಟೆನ್ಸ್ ನಿಲ್ಲಿಸಿ ಎರಡನೆಯ ಇಮೇಜ್ ತೆಗೆಯಬೇಕು. ನಂತರ ಅದರಿಂದ ಎರಡು ತದ್ರೂಪಿ ಎಬ್ಬಿಸಿ, ಎರಡರಲ್ಲೂ ಇವನ್ನು ಓಡಿಸಬೇಕು:

```
dpkg-query -W | sort | sha256sum
cat /etc/machine-id
ssh-keygen -lf /etc/ssh/ssh_host_ed25519_key.pub
```

ಮೊದಲ ಉತ್ತರ ಎರಡು ಕಡೆಯೂ ಒಂದೇ ಬರಬೇಕು, ಉಳಿದೆರಡು ಬೇರೆ ಬರಬೇಕು. ಈ ಪರೀಕ್ಷೆಯನ್ನು ಎಬ್ಬಿಸಿದ ಕೂಡಲೇ ಮಾಡಬೇಕು. ಉಬುಂಟು ತಾನಾಗಿಯೇ ಭದ್ರತಾ ಅಪ್‌ಡೇಟ್ ಹಾಕಿಕೊಳ್ಳುವುದರಿಂದ, ವಾರ ಬಿಟ್ಟು ಎಬ್ಬಿಸಿದ ಮೂರನೆಯ ತದ್ರೂಪಿ ಮೊದಲಿನ ಎರಡರೊಡನೆ ಆ ಮೊದಲ ಸಾಲಿನಲ್ಲೂ ಹೊಂದದೇ ಹೋಗಬಹುದು.