ಜಲಾವೃತ ರಸ್ತೆಯಲ್ಲಿ ವಾಹನ ಚಾಲನೆ (ಭಟ್ಕಳ, ಹೊನ್ನಾವರ, ಕುಮಟಾ)

ಮಳೆ ಅಥವಾ ನೆರೆಯ ನೀರು ನಿಂತ ರಸ್ತೆಯನ್ನು ವಾಹನದಲ್ಲಿ ದಾಟುವುದನ್ನು, ಹಾಗೆ ದಾಟುವಾಗ ನೀರಿನಲ್ಲಿ ಎಂಜಿನ್ ನಿಂತುಹೋದರೆ ಕೈಗೊಳ್ಳಬೇಕಾದ ಕ್ರಮಗಳನ್ನು ಈ ಲೇಖನ ವಿವರಿಸುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿ ತಾಲ್ಲೂಕುಗಳಾದ ಭಟ್ಕಳ, ಹೊನ್ನಾವರ ಮತ್ತು ಕುಮಟಾಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಈ ಸ್ಥಿತಿ ಪದೇ ಪದೇ ಎದುರಾಗುತ್ತದೆ.

ಪ್ರಾದೇಶಿಕ ಹಿನ್ನೆಲೆ

ರಾಷ್ಟ್ರೀಯ ಹೆದ್ದಾರಿ 66 ಈ ಮೂರೂ ಪಟ್ಟಣಗಳ ಮೂಲಕ, ಸಹ್ಯಾದ್ರಿಯ ತಪ್ಪಲಿಗೂ ಸಮುದ್ರಕ್ಕೂ ನಡುವಿನ ಕಿರಿದಾದ ಬಯಲಿನಲ್ಲಿ ಸಾಗುತ್ತದೆ. ಘಟ್ಟದಿಂದ ಇಳಿಯುವ ಹಳ್ಳಗಳು ಕೆಲವೇ ಗಂಟೆಗಳಲ್ಲಿ ಈ ಬಯಲನ್ನು ತಲುಪುತ್ತವೆ. ಭಟ್ಕಳದ ರಂಗಿಕಟ್ಟೆಯಲ್ಲಿ ಹೆದ್ದಾರಿಯ ಮೇಲೆ ನೀರು ನಿಲ್ಲುತ್ತದೆ. ಕುಮಟಾ–ಶಿರಸಿ ಮಾರ್ಗದಲ್ಲಿ ಕತಗಾಲದ ಬಳಿ ಚಂಡಿಕಾ ಹೊಳೆ ಉಕ್ಕಿ ಸಂಚಾರ ನಿಲ್ಲುತ್ತದೆ. ಹೊನ್ನಾವರ ತಾಲ್ಲೂಕಿನಲ್ಲಿ ಗುಂಡಬಾಳ ಮತ್ತು ಭಾಸ್ಕೇರಿ ಹೊಳೆಗಳ ನೆರೆ ತಗ್ಗಿನ ರಸ್ತೆಗಳನ್ನು ಮುಳುಗಿಸುತ್ತದೆ. 2022ರ ಆಗಸ್ಟ್ 2ರಂದು ಸುರಿದ ಅತಿವೃಷ್ಟಿಯಲ್ಲಿ ಭಟ್ಕಳ ಪಟ್ಟಣ ಮತ್ತು ಹೆದ್ದಾರಿ ಜಲಾವೃತಗೊಂಡವು. ಅದೇ ದಿನ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು.

ಒಳನಾಡಿನ ನೆರೆಗಿಂತ ಇಲ್ಲಿನ ನೆರೆ ಭಿನ್ನವಾಗುವುದು ಸಮುದ್ರದ ಉಬ್ಬರವಿಳಿತದಿಂದ. ಉಬ್ಬರದ ವೇಳೆ ಅಘನಾಶಿನಿ, ಶರಾವತಿ ಮುಂತಾದ ನದಿಗಳ ಮುಖದಲ್ಲಿ ನೀರು ಹಿಂದೊತ್ತಲ್ಪಡುವುದರಿಂದ, ಅಳಿವೆಗೆ ಹತ್ತಿರದ ಹಳ್ಳ ಮತ್ತು ಮೋರಿಗಳು ಮಳೆನೀರನ್ನು ಹೊರಹಾಕಲಾರವು. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ ಬೇಕು. ಆದ್ದರಿಂದ ಮಳೆ ಬಿಡುವು ಕೊಟ್ಟಿದ್ದರೆ, ಅಳಿವೆಗೆ ಸಮೀಪದ ರಸ್ತೆಯಲ್ಲಿ ಇಳಿತದವರೆಗೆ ಕಾಯುವುದು ಕೇವಲ ತಾಳ್ಮೆಯ ಮಾತಲ್ಲ, ಲೆಕ್ಕಾಚಾರದ ಮಾತು. ಕತಗಾಲದಂತಹ ಒಳಭಾಗದಲ್ಲಿ ಮಾತ್ರ ಘಟ್ಟದ ಮೇಲಿನ ಮಳೆಯೇ ನಿರ್ಣಾಯಕ. ಅಲ್ಲಿ ಸಮುದ್ರದ ಇಳಿತವನ್ನು ನಂಬಿ ಕುಳಿತು ಪ್ರಯೋಜನವಿಲ್ಲ.

ನೀರಿನ ಆಳ ಮತ್ತು ತೇಲುವಿಕೆ

ವಾಹನದ ಭಾರವೇ ಅದನ್ನು ನೆಲಕ್ಕೆ ಹಿಡಿದಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸುಮಾರು 1,000 ಕಿಲೋಗ್ರಾಂ ತೂಕದ ಸಣ್ಣ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ತಳ ರಸ್ತೆಯಿಂದ 17 ಸೆಂಟಿಮೀಟರ್ ಎತ್ತರದಲ್ಲಿದ್ದು, ತಳದ ವಿಸ್ತೀರ್ಣ ಸುಮಾರು 5 ಚದರ ಮೀಟರ್ ಇದೆಯೆಂದುಕೊಳ್ಳೋಣ. ನೀರು 30 ಸೆಂಟಿಮೀಟರ್ ಏರಿದಾಗ ಕಾರಿನ ತಳ 13 ಸೆಂಟಿಮೀಟರ್ ಮುಳುಗಿ, ಸುಮಾರು 650 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಳಗೆ ನೀರು ಇನ್ನೂ ನುಗ್ಗದ ಆ ಮೊದಲ ಕ್ಷಣಗಳಲ್ಲಿ ಚಕ್ರಗಳ ಮೇಲೆ ಉಳಿಯುವ ಭಾರ ಕೇವಲ 350 ಕಿಲೋಗ್ರಾಂ. ನೀರು ಇನ್ನೂ 7 ಸೆಂಟಿಮೀಟರ್ ಏರಿದರೆ ಕಾರು ತೇಲುತ್ತದೆ. ಹರಿಯುವ ನೀರಿನ ತಳ್ಳುವ ಬಲವು ವೇಗ ಇಮ್ಮಡಿಯಾದಾಗ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ರಸ್ತೆಗೆ ಅಡ್ಡಲಾಗಿ ಹರಿಯುವ ನೀರನ್ನು, ಅದು ಮೊಣಕಾಲಿಗಿಂತ ಕೆಳಗಿದ್ದರೂ, ಕಾರಿನಲ್ಲಿ ದಾಟಬಾರದು. ಕೆಂಪು ನೀರಿನಡಿ ರಸ್ತೆಯ ಅಂಚು ಕೊಚ್ಚಿಹೋಗಿದ್ದರೂ ಮೇಲಿನಿಂದ ತಿಳಿಯುವುದಿಲ್ಲ.

ನಿಂತ ನೀರಿನ ಆಳವನ್ನು ರಸ್ತೆ ವಿಭಜಕದ ಕಲ್ಲು, ಸೇತುವೆಯ ಕಟ್ಟೆ ಅಥವಾ ಎದುರಿನಿಂದ ಬರುವ ಅದೇ ಗಾತ್ರದ ವಾಹನದ ಚಕ್ರ ನೋಡಿ ಅಂದಾಜಿಸಲಾಗುತ್ತದೆ. ಬಸ್ಸು ದಾಟಿತೆಂಬುದು ಕಾರಿಗೆ ಪುರಾವೆಯಾಗದು.

ದಾಟುವ ಕ್ರಮ

ನೀರು ನಿಂತಿದ್ದು, ಆಳ ಚಕ್ರದ ನಡುಭಾಗಕ್ಕಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ದಾಟಲು ಯೋಚಿಸಬಹುದು. ಎದುರಿನ ವಾಹನ ಪೂರ್ತಿ ಹೊರಬಂದ ನಂತರ, ಎ.ಸಿ. ಆರಿಸಿ, ಒಂದನೇ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಇಳಿಯಬೇಕು. ಮಧ್ಯದಲ್ಲಿ ಗೇರ್ ಬದಲಿಸದೆ, ಆಕ್ಸಿಲರೇಟರನ್ನು ಒಂದೇ ಸಮನೆ ಒತ್ತಿಹಿಡಿಯಬೇಕು. ವೇಗವಾಗಿ ಹೋದರೆ ಬಂಪರಿನ ಮುಂದೆ ಏಳುವ ಅಲೆ ಬಾನೆಟ್ಟಿನ ಒಳಗೆ, ಗಾಳಿ ಸೆಳೆಯುವ ಕೊಳವೆಯತ್ತ ಚಿಮ್ಮುತ್ತದೆ. ಎದುರಿನಿಂದ ಬರುವ ಲಾರಿ ಎಬ್ಬಿಸುವ ಅಲೆಯೂ ಅಷ್ಟೇ ಅಪಾಯಕಾರಿ. ದಾಟಿದ ಮೇಲೆ ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಲವು ಬಾರಿ ಮೆಲ್ಲಗೆ ಒತ್ತಿದರೆ ಅದು ಒಣಗುತ್ತದೆ.

ಎಂಜಿನ್ ನಿಂತಾಗ

ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಪಿಸ್ಟನ್ ಮೇಲಕ್ಕೆ ಬಂದಾಗ ಸಿಲಿಂಡರಿನಲ್ಲಿ ಉಳಿಯುವ ಜಾಗ ಬಹಳ ಚಿಕ್ಕದು. ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಪ್ರತಿ ಸಿಲಿಂಡರ್ 300 ಮಿಲಿಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಸಂಪೀಡನ ಅನುಪಾತ 10 ಇದ್ದರೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್. 1.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಅನುಪಾತ 16 ಇದ್ದರೆ ಅದು 25 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚಕ್ಕಿಂತಲೂ ಕಡಿಮೆ. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಇದಕ್ಕಿಂತ ಹೆಚ್ಚು ನೀರು ಒಳಗಿದ್ದರೆ ಪಿಸ್ಟನ್ ಅರ್ಧದಲ್ಲೇ ತಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನು ಹೈಡ್ರೋಲಾಕ್ ಎನ್ನುತ್ತಾರೆ. ಸ್ವಲ್ಪವೇ ಬಾಗಿದ ರಾಡ್ ಕೆಲ ದಿನ ಓಡಿ, ನಂತರ ಮುರಿದು ಎಂಜಿನ್ ಬ್ಲಾಕನ್ನೇ ಸೀಳಬಹುದು.

ನೀರು ಏರುತ್ತಿದ್ದರೆ ವಾಹನಕ್ಕಿಂತ ಮೊದಲು ಜನ ಹೊರಬರಬೇಕು. ಸೀಟ್ ಬೆಲ್ಟ್ ಬಿಚ್ಚಿ, ವಿದ್ಯುತ್ ಇರುವಾಗಲೇ ಕಿಟಕಿಗಳನ್ನು ಇಳಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು ಇಗ್ನಿಷನ್ ಆರಿಸಬೇಕು. ಹೊರಗಿನ ನೀರಿನ ಒತ್ತಡದಿಂದ ಬಾಗಿಲು ತೆರೆಯದಿದ್ದರೆ ಕಿಟಕಿಯೇ ದಾರಿ. ಪಕ್ಕದ ಗಟ್ಟಿಗೊಳಿಸಿದ ಗಾಜನ್ನು ಮೂಲೆಯಲ್ಲಿ ಚೂಪಾದ ಲೋಹದಿಂದ ಹೊಡೆದು ಒಡೆಯಬಹುದು. ಮುಂಭಾಗದ ಗಾಜು ಪದರಗಳದ್ದಾದ್ದರಿಂದ ಹಾಗೆ ಒಡೆಯುವುದಿಲ್ಲ. ನೆರವಿಗೆ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗಳಿವೆ.

ನೀರು ನಿಂತಿದ್ದು ಆಳ ಕಡಿಮೆಯಿದ್ದರೆ ವಾಹನವನ್ನು ನ್ಯೂಟ್ರಲ್‌ನಲ್ಲೇ ತಳ್ಳಿ ದಡ ಸೇರಿಸಬೇಕು. ನೆರವಿಗೆ ಬಂದವರು ಗೇರ್ ಹಾಕಿ ತಳ್ಳಿ ಸ್ಟಾರ್ಟ್ ಮಾಡಲು ಸೂಚಿಸುವುದು ಸಾಮಾನ್ಯ. ಸದುದ್ದೇಶದ ಈ ಸಲಹೆ ಕೀಲಿ ತಿರುಗಿಸಿದಷ್ಟೇ ಹಾನಿಕರ, ಏಕೆಂದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತವೆ. ಆಟೋಮ್ಯಾಟಿಕ್ ಮತ್ತು ವಿದ್ಯುತ್ ವಾಹನಗಳನ್ನು ಎಳೆಯದೆ, ಎತ್ತಿ ಸಾಗಿಸುವುದು ಸೂಕ್ತ.

ಪರಿಶೀಲನೆ ಮತ್ತು ದುರಸ್ತಿ

ದಡದಲ್ಲಿ ಮೊದಲು ನೋಡಬೇಕಾದ್ದು ಏರ್ ಫಿಲ್ಟರ್. ಅದು ಒಣಗಿದ್ದರೆ ನೀರು ಎಂಜಿನ್ನಿನೊಳಗೆ ಹೋಗದೆ, ವಿದ್ಯುತ್ ಜೋಡಣೆ ಒದ್ದೆಯಾಗಿ ನಿಂತಿರುವ ಸಾಧ್ಯತೆ ಹೆಚ್ಚು. ಫಿಲ್ಟರ್ ಒದ್ದೆಯಾಗಿದ್ದರೆ, ಅಥವಾ ಆಯಿಲ್ ಅಳೆಯುವ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ ಗ್ಯಾರೇಜಿಗೆ ಸಾಗಿಸಬೇಕು. ಅಲ್ಲಿ ಸ್ಪಾರ್ಕ್ ಪ್ಲಗ್‌ಗಳನ್ನು, ಡೀಸೆಲ್ ಎಂಜಿನ್ನಾದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್‌ಗಳನ್ನು ತೆಗೆದು, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರನ್ನು ಹೊರಹಾಕುತ್ತಾರೆ. ನಂತರ ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬದಲಿಸುತ್ತಾರೆ. ಗಜನಿ ಗದ್ದೆ ಮತ್ತು ಅಳಿವೆಗಳ ಬದಿಯ ನೀರಿನಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ, ಅಲ್ಲಿ ಮುಳುಗಿದ ವಾಹನದ ಅಡಿಭಾಗವನ್ನು ಬೇಗನೆ ಸಿಹಿನೀರಿನಿಂದ ತೊಳೆಯಬೇಕು. ತಡವಾದರೆ ತಂತಿಗಳ ಜೋಡಣೆಗಳು ತುಕ್ಕು ಹಿಡಿಯುತ್ತವೆ.

ಸಮಗ್ರ ವಿಮೆಯು ನೆರೆಯ ಹಾನಿಯನ್ನು ಭರಿಸಿದರೂ, ನೀರಿನಲ್ಲಿ ಸ್ಟಾರ್ಟ್ ಮಾಡಿದ್ದರಿಂದಾದ ಎಂಜಿನ್ ಹಾನಿಯನ್ನು ವಿಮಾ ಸಂಸ್ಥೆಗಳು ಪರಿಣಾಮಜನ್ಯ ನಷ್ಟವೆಂದು ಪರಿಗಣಿಸಿ ತಿರಸ್ಕರಿಸುವುದುಂಟು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಪ್ರತ್ಯೇಕವಾಗಿ ದೊರೆಯುತ್ತದೆ. ನೀರಿನ ಮಟ್ಟ ಕಾಣುವಂತೆ ವಾಹನ ನಿಂತ ಸ್ಥಳದಲ್ಲೇ ತೆಗೆದ ಛಾಯಾಚಿತ್ರ ಪರಿಹಾರದ ಅರ್ಜಿಗೆ ನೆರವಾಗುತ್ತದೆ.